ಮೂಕ ವಿಡಿಯೋಗೆ ಶಬ್ದ ಕಟ್ಟೋದು ಹೇಗೆ: ದಾವಣಗೆರೆಯ ಒಂದು ಬೆಣ್ಣೆದೋಸೆ ಸೀನ್, 48 ಸೆಕೆಂಡ್

ಗೆಳೆಯನ ಕಿರುಚಿತ್ರಕ್ಕೆ ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲಿನಲ್ಲಿ ಫೋನಿನಲ್ಲೇ ಶೂಟ್ ಮಾಡಿದ್ದೆವು. ಊರು ಬಿಟ್ಟು ಬೆಂಗಳೂರಿಗೆ ಹೊರಟಿರುವ ಹುಡುಗ, ಅವನ ಸೋದರಮಾವ. ಇಬ್ಬರೂ ಮಾತಾಡದೆ ದೋಸೆ ತಿನ್ನುತ್ತಾರೆ, ಹುಡುಗ ಎದ್ದು ರಸ್ತೆಗೆ ಇಳಿಯುತ್ತಾನೆ. ಅಷ್ಟೇ ಸೀನ್.

ಫೋನಿನಲ್ಲಿ ಬಂದ ಶಬ್ದ ಒಂದು ಸೆಕೆಂಡೂ ಕೆಲಸಕ್ಕೆ ಬರಲಿಲ್ಲ. ಹೋಟೆಲಿನ ರೇಡಿಯೋದಲ್ಲಿ ಸಿನಿಮಾ ಹಾಡು ಬರುತ್ತಿತ್ತು, ಪ್ರತಿ ಕಟ್‌ಗೂ ಹಾಡು ಎಲ್ಲೆಲ್ಲಿಂದಲೋ ಎಲ್ಲಿಗೋ ಹಾರುತ್ತಿತ್ತು, ಮಧ್ಯದಲ್ಲಿ ನಮ್ಮ ಡೈರೆಕ್ಟರ್ "ಸ್ವಲ್ಪ ಎಡಕ್ಕೆ, ಎಡಕ್ಕೆ ಕಣೋ" ಅಂತ ಕೂಗೋದು ಬೇರೆ. ಪೂರ್ತಿ ಕಿತ್ತು ಬಿಸಾಕಿದೆ. ಆಮೇಲೆ ನೆಟ್‌ನಲ್ಲಿ ಸಿಕ್ಕ "ಇಂಡಿಯನ್ ರೆಸ್ಟೋರೆಂಟ್" ಅನ್ನೋ ಒಂದು ರೆಕಾರ್ಡಿಂಗ್ ಹಾಕಿ ನೋಡಿದೆ. ಹಿಂದಿಯಲ್ಲಿ ಯಾರೋ ಬಿಲ್ ಕೇಳುತ್ತಿದ್ದರು, ಗಾಜಿನ ಗ್ಲಾಸು, ಫೋರ್ಕ್ ಸದ್ದು. ಬೆಣ್ಣೆದೋಸೆ ಹೋಟೆಲಿನಲ್ಲಿ ಫೋರ್ಕು! ಚಿತ್ರದಲ್ಲಿ ದಾವಣಗೆರೆ, ಕಿವಿಯಲ್ಲಿ ಇನ್ಯಾವುದೋ ಊರು. ಹಾಗಾಗಿ ಎಲ್ಲ ಶಬ್ದವನ್ನೂ ಮೊದಲಿಂದ ಕಟ್ಟಬೇಕಾಯಿತು. ಹೇಗೆ ಕಟ್ಟಿದೆ ಅಂತ ಆ ಒಂದು ಸೀನ್ ಇಟ್ಟುಕೊಂಡೇ ಹೇಳುತ್ತೇನೆ.

ಮೊದಲು ವಿಡಿಯೋ ಫೈಲ್ ಸರಿ ಮಾಡಿ

ಇದನ್ನು ಬಿಟ್ಟರೆ ಮುಂದೆ ತಲೆ ಕೆಡುತ್ತದೆ. ಫೋನ್ ವಿಡಿಯೋದಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು ಹೆಚ್ಚಾಗಿ ಒಂದೇ ಸಮ ಇರುವುದಿಲ್ಲ. ಬೆಳಕು ಕಡಿಮೆ ಆದರೆ, ಫೋನ್ ಬಿಸಿಯಾದರೆ, 30 ಇದ್ದದ್ದು 28, 27 ಅಂತ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗಲ್ಲ. ಆದರೆ ನೀವು ತಟ್ಟೆ ಇಡುವ ಕ್ಷಣಕ್ಕೆ ಸರಿಯಾಗಿ ಶಬ್ದ ಕೂರಿಸಿ, ಕೊನೆಗೆ ರೆಂಡರ್ ಮಾಡಿದಾಗ ಅದು ಜರುಗಿರಬಹುದು. ನಾನು ಒಮ್ಮೆ ಇಡೀ ರಾತ್ರಿ ಕೂತು ಕೂರಿಸಿದ ಹೆಜ್ಜೆ ಸದ್ದೆಲ್ಲ ಬೆಳಿಗ್ಗೆ ನೋಡಿದರೆ ಕಾಲಿಗಿಂತ ಮುಂದೆ ಓಡುತ್ತಿತ್ತು. ಅದಕ್ಕೇ ಪ್ರತಿ ಕ್ಲಿಪ್ಪನ್ನೂ ಎಡಿಟ್‌ಗೆ ಮುಂಚೆ ffmpeg ಅನ್ನೋ ಉಚಿತ ಪ್ರೋಗ್ರಾಮಿನಲ್ಲಿ ಹೀಗೆ ಬದಲಾಯಿಸಿಕೊಳ್ಳಿ. ಇದು ಹಳೆ ಶಬ್ದವನ್ನು ತೆಗೆದು, ಫ್ರೇಮನ್ನು ಸೆಕೆಂಡಿಗೆ 30ಕ್ಕೆ ಕಟ್ಟಿಹಾಕುತ್ತದೆ:

```
ffmpeg -i phone.mp4 -an -vf fps=30 -c:v libx264 -crf 18 dose_30.mp4
```

ಚಿತ್ರದ ಎಡಿಟ್ ಪೂರ್ತಿ ಮುಗಿದ ಮೇಲೇ ಶಬ್ದಕ್ಕೆ ಕೈ ಹಾಕಿ. ಆಮೇಲೆ ಡೈರೆಕ್ಟರ್ ಬಂದು "ಎರಡೇ ಎರಡು ಸೆಕೆಂಡ್ ಕಟ್ ಮಾಡೋಣ" ಅಂದರೆ ಕೊಡಬೇಡಿ.

ವಸ್ತುವಿನ ಹೆಸರಲ್ಲ, ಶಬ್ದದ ಹೆಸರು ಬರೆಯಿರಿ

ಸೀನನ್ನು ಶಬ್ದವಿಲ್ಲದೆ ನಾಲ್ಕೈದು ಸಲ ನೋಡಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಎಷ್ಟನೇ ಸೆಕೆಂಡಿಗೆ ಏನು ಕೇಳಬೇಕು ಅಂತ ಬರೆಯುತ್ತಾ ಹೋಗಿ. ಇಲ್ಲಿ ಬಹಳ ಜನ ಮಾಡುವ ತಪ್ಪು ಏನೆಂದರೆ "ಲೋಟ", "ತಟ್ಟೆ", "ಚಪ್ಪಲಿ" ಅಂತ ವಸ್ತುವಿನ ಹೆಸರು ಬರೆಯುವುದು. ಹಾಗೆ ಬರೆದರೆ ಆಮೇಲೆ ಯಾವುದೋ ಒಂದು ಲೋಟದ ಶಬ್ದ ತಂದು ಅಂಟಿಸುತ್ತೀರಿ.

ನಮ್ಮ ಭಾಷೆಯಲ್ಲಿ ಶಬ್ದಕ್ಕೇ ಹೆಸರುಗಳಿವೆ, ಅಲ್ವಾ? ಟಣ್, ಟಕ್, ಚುಂಯ್, ಸರಸರ, ಗಿಜಿಗಿಜಿ. ಅವನ್ನೇ ಬರೆಯಿರಿ. ಖಾಲಿ ಸ್ಟೀಲ್ ಲೋಟ ಕಲ್ಲಿನ ಟೇಬಲ್ ಮೇಲೆ ಇಟ್ಟರೆ "ಟಣ್", ಶಬ್ದ ಸ್ವಲ್ಪ ಹೊತ್ತು ಅನುರಣಿಸುತ್ತದೆ. ಅದೇ ಲೋಟ ನೀರು ತುಂಬಿದ್ದರೆ "ಟಕ್". ಒಳಗಿನ ನೀರು ಲೋಹ ಕಂಪಿಸೋದನ್ನು ತಡೆಯುತ್ತದೆ, ಶಬ್ದ ಅಲ್ಲೇ ಸಾಯುತ್ತದೆ. ನೋಡುವವರು ಇದನ್ನು ಬಾಯಿಬಿಟ್ಟು ಹೇಳಲಾರರು, ಆದರೆ ತಪ್ಪಾದರೆ "ಏನೋ ಡಬ್ಬಿಂಗ್ ಥರ ಇದೆ" ಅಂತಾರೆ.

ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಸುಮಾರಾಗಿ ಹೀಗೆ. 0ರಿಂದ 9 ಸೆಕೆಂಡ್, ಹೋಟೆಲ್ ಒಳಗಿನ ದೂರದ ಶಾಟ್: ಜನರ ಗಿಜಿಗಿಜಿ, ಫ್ಯಾನ್, ಒಳಗಿನ ಒಲೆ ಕಡೆಯಿಂದ ಕಿಣಿಕಿಣಿ. 9ರಿಂದ 17, ಹಂಚಿನ ಹತ್ತಿರದ ಶಾಟ್: ಹಿಟ್ಟು ಬಿದ್ದಾಗ ಚುಂಯ್, ಬೆಣ್ಣೆ ಬಿದ್ದಾಗ ಚುರಚುರ, ಮಗುಚೋ ಕೈ ಕರಕರ, ಕಟ್ಟಿಗೆ ಒಲೆಯ ಚಟಪಟ. 17ರಿಂದ 24, ಟೇಬಲ್: ತಟ್ಟೆ ಟಣ್, ಲೋಟ ಟಕ್. 24ರಿಂದ 38, ಹುಡುಗನ ಮುಖ: ಇಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ, ಆಮೇಲೆ ಹೇಳುತ್ತೇನೆ. 38ರಿಂದ 48, ರಸ್ತೆ: ಆಟೋ, ಬೈಕು, ಚಪ್ಪಲಿ, ದೂರದಲ್ಲಿ ರೈಲು.

ಪಟ್ಟಿ ಇಷ್ಟೇ ಇರಲಿ. ಕಂಡದ್ದಕ್ಕೆಲ್ಲ ಶಬ್ದ ಕೊಡಬೇಡಿ. ದೂರದ ಶಾಟ್‌ನಲ್ಲಿ ಹದಿನೈದು ಜನ ಕೈ ಆಡಿಸುತ್ತಿದ್ದಾರೆ ಅಂತ ಹದಿನೈದು ಶಬ್ದ ಹಾಕಿದರೆ ಸಂತೆಯಾಗುತ್ತದೆ. ಕಣ್ಣು ಯಾರನ್ನು ನೋಡುತ್ತಿದೆಯೋ ಅವರದ್ದು ಒಂದೋ ಎರಡೋ, ಉಳಿದದ್ದು ಹಿನ್ನೆಲೆ ನೋಡಿಕೊಳ್ಳುತ್ತದೆ.

ಹಿನ್ನೆಲೆ ತರಲು ಅದೇ ಹೋಟೆಲಿಗೆ ವಾಪಸ್ ಹೋಗಿ

ಮೂರು ದಿನ ಬಿಟ್ಟು ಅದೇ ಹೊತ್ತಿಗೆ, ಬೆಳಿಗ್ಗೆ ಎಂಟಕ್ಕೆ, ಒಬ್ಬನೇ ಹೋದೆ. ಹೊತ್ತು ಮುಖ್ಯ. ಬೆಳಗಿನ ಗಿಜಿಗಿಜಿ ಬೇರೆ, ಸಂಜೆಯದ್ದು ಬೇರೆ. ಮಾಲೀಕರಿಗೆ ವಿಷಯ ಹೇಳಿ ಹತ್ತು ನಿಮಿಷ ರೇಡಿಯೋ ಬಂದ್ ಮಾಡಿಸಿದೆ. "ದೋಸೆ ಶಬ್ದ ತಗಂಡು ಏನ್ ಮಾಡ್ತೀಯಪ್ಪಾ" ಅಂತ ಅವರು ನಕ್ಕರು, ಆದರೆ ಬಂದ್ ಮಾಡಿದರು. ಹಾಡು ಹಿನ್ನೆಲೆಯಲ್ಲಿ ಸೇರಿಕೊಂಡರೆ ಆಮೇಲೆ ಪೂರ್ತಿ ಬೇರ್ಪಡಿಸೋದು ಕಷ್ಟದ ಮಾತು, ಜೊತೆಗೆ ಕಾಪಿರೈಟ್ ತಲೆನೋವು.

ರೆಕಾರ್ಡರ್ ಇಲ್ಲದಿದ್ದರೆ ಫೋನ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಆಟೋ ಗೇನ್, ನಾಯ್ಸ್ ರಿಡಕ್ಷನ್ ಅಂತ ಏನಿದ್ದರೂ ಆಫ್ ಮಾಡಿ. ಇದನ್ನು ಮರೆತರೆ ಏನಾಗುತ್ತೆ ಅಂದರೆ, ಎಲ್ಲೋ ಒಂದು ತಟ್ಟೆ ಬಿದ್ದ ತಕ್ಷಣ ಫೋನ್ ಹಿನ್ನೆಲೆಯನ್ನೆಲ್ಲ ತಗ್ಗಿಸಿಬಿಡುತ್ತದೆ, ಮತ್ತೆ ನಿಧಾನಕ್ಕೆ ಏರಿಸುತ್ತದೆ, ಹೋಟೆಲ್ ಉಸಿರಾಡಿದ ಹಾಗೆ ಕೇಳುತ್ತದೆ. ಅದನ್ನು ಆಮೇಲೆ ಸರಿ ಮಾಡಲು ಆಗಲ್ಲ. ಫೈಲ್ ವೇವ್ ಫಾರ್ಮ್ಯಾಟ್, 48 ಕಿಲೋಹರ್ಟ್ಸ್ ಇರಲಿ. ಅತಿ ಜೋರಿನ ಶಬ್ದ ಮೀಟರ್‌ನಲ್ಲಿ −12 ಡಿಬಿ ಆಸುಪಾಸು ಮುಟ್ಟಿದರೆ ಸಾಕು.

ಫೋನನ್ನು ನೇರವಾಗಿ ಟೇಬಲ್ ಮೇಲೆ ಇಡಬೇಡಿ, ಯಾರು ಮೊಣಕೈ ಊರಿದರೂ ಗುಡ್ ಅನ್ನುತ್ತದೆ. ಕರ್ಚೀಫ್ ಮಡಚಿ ಅದರ ಮೇಲೆ ಇಡಿ. ಫ್ಯಾನ್ ಗಾಳಿ ನೇರ ಮೈಕ್‌ಗೆ ಬೀಳದ ಜಾಗ ನೋಡಿ. ನಾನು ಮೂಲೆಯಿಂದ ನಾಲ್ಕು ನಿಮಿಷ, ಬಾಗಿಲ ಹತ್ತಿರದಿಂದ ನಾಲ್ಕು ನಿಮಿಷ, ಹೊರಗೆ ಫುಟ್‌ಪಾತ್‌ನಿಂದ ನಾಲ್ಕು ನಿಮಿಷ ತೆಗೆದೆ. 48 ಸೆಕೆಂಡ್ ಸೀನಿಗೆ ಇಷ್ಟು ಯಾಕೆ ಅಂದರೆ, ಅದರಲ್ಲಿ ಅರ್ಧ ಉಪಯೋಗಕ್ಕೆ ಬರಲ್ಲ: ಪಕ್ಕದಲ್ಲಿ ಯಾರೋ ಜೋರಾಗಿ ಕೆಮ್ಮುತ್ತಾರೆ, ಯಾರೋ ತಮ್ಮ ಮನೆ ಜಗಳ ಹೇಳಿಕೊಳ್ಳುತ್ತಾರೆ. ಮಾತು ಅರ್ಥವಾಗುವಷ್ಟು ಸ್ಪಷ್ಟ ಇದ್ದ ಭಾಗ ಬಳಸಬೇಡಿ. ಒಂದು, ಅದು ಅವರ ಖಾಸಗಿ ಮಾತು. ಎರಡು, ನೋಡುವವರ ಕಿವಿ ಚಿತ್ರ ಬಿಟ್ಟು ಆ ಜಗಳದ ಹಿಂದೆ ಹೋಗುತ್ತದೆ. ಮಾತಿನ ಧಾಟಿ ಮಾತ್ರ ನಮ್ಮೂರಿನದ್ದು ಅಂತ ಗೊತ್ತಾದರೆ ಸಾಕು.

ಅಲ್ಲೇ ಒಲೆ ಹತ್ತಿರವೂ ರೆಕಾರ್ಡ್ ಮಾಡಿಕೊಂಡೆ. ಹಂಚಿನಿಂದ ಒಂದೂವರೆ ಅಡಿ ದೂರ, ಪಕ್ಕದಿಂದ. ಹಂಚಿನ ಮೇಲೆ ನೇರ ಹಿಡಿದರೆ ಹಬೆ, ಎಣ್ಣೆ ಮೈಕ್ ಒಳಗೆ ಹೋಗುತ್ತದೆ.

ಚಿತ್ರ ಕಟ್ ಆದಲ್ಲಿ ಹಿನ್ನೆಲೆ ಕಟ್ ಆಗಬಾರದು

ಈಗ ಟೈಮ್‌ಲೈನ್. ನಾನು ಬಳಸಿದ್ದು ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ, ಬೇರೆ ಯಾವುದಾದರೂ ಆಗುತ್ತದೆ. ಮೊದಲು ಹಾಕಬೇಕಾದ್ದು ಮೂಲೆಯಿಂದ ತೆಗೆದ ಗಿಜಿಗಿಜಿ, 0ಯಿಂದ 38ನೇ ಸೆಕೆಂಡಿನವರೆಗೆ ಒಂದೇ ತುಂಡಾಗಿ. ನಡುವೆ ಮೂರು ಸಲ ಶಾಟ್ ಬದಲಾದರೂ ಇದು ಮುರಿಯಬಾರದು. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಶಾಟ್‌ಗಳು ಒಂದೇ ಜಾಗ, ಒಂದೇ ಹೊತ್ತು ಅಂತ ನಂಬಿಸುವುದೇ ಈ ಪದರ. ನಮ್ಮ ಹಂಚಿನ ಶಾಟ್ ಶೂಟ್ ಮಾಡಿದ್ದು ಮಧ್ಯಾಹ್ನ, ಉಳಿದದ್ದು ಬೆಳಿಗ್ಗೆ. ಯಾರಿಗೂ ಗೊತ್ತಾಗಿಲ್ಲ.

ಒಂದೇ ತುಂಡು ಸಿಗದಿದ್ದರೆ ಎರಡನ್ನು ಬೆಸೆಯಿರಿ, ಎರಡು ಮೂರು ಸೆಕೆಂಡಿನ ಕ್ರಾಸ್‌ಫೇಡ್ ಕೊಟ್ಟು, ಅಂದರೆ ಒಂದು ತಗ್ಗುತ್ತಾ ಇನ್ನೊಂದು ಏರುವ ಹಾಗೆ. ಬೆಸುಗೆ ಚಿತ್ರದ ಕಟ್ ಮೇಲೆ ಬರದ ಹಾಗೆ ನೋಡಿಕೊಳ್ಳಿ. ಹತ್ತು ಸೆಕೆಂಡಿನ ತುಂಡನ್ನು ನಾಲ್ಕು ಸಲ ಸುತ್ತಿಸೋದು ಮಾತ್ರ ಬೇಡ. ಅದರಲ್ಲಿ ಒಂದು ಚಮಚ ಬಿದ್ದಿದ್ದರೆ ಹತ್ತು ಸೆಕೆಂಡಿಗೊಮ್ಮೆ ಅದೇ ಚಮಚ ಬೀಳುತ್ತಾ ಇರುತ್ತದೆ, ಎರಡನೇ ಸಲಕ್ಕೇ ಕಿವಿ ಹಿಡಿದುಬಿಡುತ್ತದೆ.

ಹಂಚಿನ ಹತ್ತಿರದ ಶಾಟ್ ಬಂದಾಗ ಗಿಜಿಗಿಜಿಯನ್ನು 4 ಡಿಬಿಯಷ್ಟು ಇಳಿಸಿದೆ, ಅದರ ಮೇಲೆ ಒಲೆಯ ಹತ್ತಿರದ ಶಬ್ದ ಬಂತು. ಕ್ಯಾಮೆರಾ ಒಲೆ ಹತ್ತಿರ ಹೋಯಿತು, ಕಿವಿಯೂ ಹೋಯಿತು, ಆದರೆ ಹೋಟೆಲ್ ಹಿಂದೆ ಇದ್ದೇ ಇದೆ.

ಎಷ್ಟು ಜೋರಿರಬೇಕು? ಸುಲಭದ ಪರೀಕ್ಷೆ ಇದೆ. ಹಿನ್ನೆಲೆ ಸ್ಪಷ್ಟವಾಗಿ ಕೇಳುವವರೆಗೆ ಏರಿಸಿ, ಅಲ್ಲಿಂದ 3 ಡಿಬಿ ಇಳಿಸಿ. ಈಗ ಸೀನ್ ನೋಡುತ್ತಾ ಆ ಟ್ರ್ಯಾಕನ್ನು ಮ್ಯೂಟ್ ಮಾಡಿ. ಇದ್ದಾಗ ಗಮನಕ್ಕೆ ಬರಬಾರದು, ಹೋದಾಗ ತಟ್ಟನೆ ಗೊತ್ತಾಗಬೇಕು. ನನ್ನದು ಮೀಟರ್‌ನಲ್ಲಿ ಸರಾಸರಿ −30 ಡಿಬಿ ಹತ್ತಿರ ಬಂದು ನಿಂತಿತು, ತಟ್ಟೆ ಲೋಟದ ಸದ್ದು −15ರ ಆಸುಪಾಸು. ನಿಮ್ಮ ಸೀನಿಗೆ ಬೇರೆ ಬರಬಹುದು.

ಚುಂಯ್ ಎಲ್ಲಿ ಕೂರಬೇಕು

ಹಂಚಿನ ಶಾಟ್ ನನ್ನನ್ನು ಅತಿ ಹೆಚ್ಚು ಸತಾಯಿಸಿತು. ಮೊದಲ ಸಲ ದೋಸೆ ಬೇಯುವ ಶಬ್ದವನ್ನು ಎಂಟು ಸೆಕೆಂಡ್ ಒಂದೇ ಸಮ ಹಾಕಿದ್ದೆ. ಕಣ್ಣು ಮುಚ್ಚಿ ಕೇಳಿದರೆ ಮಳೆ! ಹೊರಗೆ ತಗಡಿನ ಮೇಲೆ ಜಡಿಮಳೆ ಬಂದ ಹಾಗೆ. ಯಾಕೆಂದರೆ ಕಾದ ಎಣ್ಣೆಯ ಸದ್ದು, ಮಳೆ ಸದ್ದು ಎರಡೂ ಸಾವಿರಾರು ಸಣ್ಣ ಸಣ್ಣ ಸಿಡಿತಗಳೇ. ಮಧ್ಯದ ಒಂದು ತುಂಡು ಕತ್ತರಿಸಿದರೆ ಎರಡಕ್ಕೂ ವ್ಯತ್ಯಾಸ ಹೇಳೋದು ಕಷ್ಟ. ದೋಸೆ ಅಂತ ಗುರುತು ಸಿಗೋದು ಶುರುವಿನಲ್ಲಿ: ಹಿಟ್ಟು ಬಿದ್ದ ಕ್ಷಣದ ಚುಂಯ್, ಅದು ಎರಡು ಮೂರು ಸೆಕೆಂಡಿನಲ್ಲಿ ತಗ್ಗೋದು, ಬೆಣ್ಣೆ ಬಿದ್ದಾಗ ಮತ್ತೆ ಏರೋದು. ಆ ಏರಿಳಿತ ಇದ್ದರೆ ದೋಸೆ, ಇಲ್ಲದಿದ್ದರೆ ಮಳೆ. ಹಾಗಾಗಿ ಶುರುವಿನ ಅರ್ಧ ಸೆಕೆಂಡನ್ನು ಯಾವತ್ತೂ ಫೇಡ್ ಮಾಡಬೇಡಿ, ಹಾಗೇ ಬಿಡಿ.

ಅದನ್ನು ಎಲ್ಲಿ ಕೂರಿಸೋದು? ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸಿ, ಹಿಟ್ಟು ಹಂಚನ್ನು ಮುಟ್ಟಿದ ಮೊದಲ ಫ್ರೇಮ್ ಹುಡುಕಿ. ಶಬ್ದದ ಅಲೆ ಏಳುವ ಜಾಗವನ್ನು ಅದಕ್ಕೆ ಹೊಂದಿಸಿ. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದು ಫ್ರೇಮ್ ಸುಮಾರು 33 ಮಿಲಿಸೆಕೆಂಡ್. ಅನುಮಾನ ಬಂದರೆ ಒಂದು ಫ್ರೇಮ್ ಹಿಂದೆ ಬೀಳಲಿ, ಮುಂದೆ ಬೇಡ. ದೂರದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ, ಕೈ ಕೆಳಗೆ ಬಂದ ಮೇಲೆ ಸದ್ದು ಬರುತ್ತದೆ. ಶಬ್ದ ತಡವಾಗೋದು ನಮಗೆ ರೂಢಿ, ಮುಂಚೆ ಬರೋದು ಪ್ರಕೃತಿಯಲ್ಲೇ ಇಲ್ಲ. ಪ್ರಸಾರದವರ ಅಂತಾರಾಷ್ಟ್ರೀಯ ಅಳತೆಯಲ್ಲೂ ಹೀಗೇ ಇದೆ: ಶಬ್ದ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೇ ಜನಕ್ಕೆ ಗೊತ್ತಾಗಲು ಶುರು, ಹಿಂದೆ ಬಿದ್ದರೆ ಸುಮಾರು 125ರವರೆಗೆ ಗೊತ್ತೇ ಆಗಲ್ಲ. ಹಾಗಂತ ತಟ್ಟೆ ಟಣ್ ಅನ್ನೋದನ್ನು ನಾಲ್ಕು ಫ್ರೇಮ್ ಹಿಂದೆ ಬಿಡಬೇಡಿ ಮತ್ತೆ.

ತಟ್ಟೆ, ಲೋಟ, ಚಪ್ಪಲಿ ಮನೆಯಲ್ಲೇ ಮಾಡಿದೆ. ಹೀಗೆ ಚಿತ್ರ ನೋಡುತ್ತಾ ಶಬ್ದ ಆಡಿಸೋದಕ್ಕೆ ಫೋಲಿ ಅಂತಾರೆ, ಹಾಲಿವುಡ್‌ನ ಜ್ಯಾಕ್ ಫೋಲಿ ಎಂಬವರ ಹೆಸರು. ನಮ್ಮ ಅಡುಗೆಮನೆ ಕಟ್ಟೆ ಗ್ರಾನೈಟ್, ಹೋಟೆಲಿನ ಟೇಬಲ್ಲೂ ಕಲ್ಲಿನದ್ದೇ, ಅಲ್ಲಿಗೆ ಸರಿಹೋಯಿತು. ಫ್ಯಾನ್ ಬಂದ್, ಫ್ರಿಜ್ ಬಂದ್. (ಫ್ರಿಜ್ ವಾಪಸ್ ಹಾಕೋಕೆ ಮರೆತು ಬೈಸಿಕೊಂಡೆ.) ಒಂದೊಂದು ಶಬ್ದವನ್ನೂ ಐದಾರು ಸಲ ಮಾಡಿ, ಬೇರೆ ಬೇರೆ ಬಿರುಸಿನಲ್ಲಿ. ಹವಾಯಿ ಚಪ್ಪಲಿಗೆ ಎರಡು ಸದ್ದು ಇರುತ್ತದೆ: ಕಾಲು ನೆಲಕ್ಕೆ ಇಟ್ಟಾಗ ಒಂದು, ಹಿಮ್ಮಡಿ ಎತ್ತಿದಾಗ ಚಪ್ಪಲಿ ವಾಪಸ್ ಬಡಿಯುವ ಪಟ್ ಇನ್ನೊಂದು. ಎರಡನೆಯದು ಇಲ್ಲದಿದ್ದರೆ ಶೂ ಹಾಕಿದ ಹಾಗೆ ಕೇಳುತ್ತದೆ. ಶಾಟ್‌ನಲ್ಲಿ ಪಾದ ಕಾಣದಿದ್ದರೆ ಭುಜ ನೋಡಿ ಹೆಜ್ಜೆ ಲೆಕ್ಕ ಹಾಕಿ, ಪ್ರತಿ ಹೆಜ್ಜೆಗೂ ಭುಜ ಸ್ವಲ್ಪ ಇಳಿಯುತ್ತದೆ.

ಮನೆಯಲ್ಲಿ ಹತ್ತಿರದಿಂದ ತೆಗೆದ ಶಬ್ದವನ್ನು ಹಾಗೇ ಹಾಕಿದರೆ ಚಿತ್ರದ ಮೇಲೆ ಸ್ಟಿಕ್ಕರ್ ಅಂಟಿಸಿದ ಹಾಗಿರುತ್ತದೆ. ಹೋಟೆಲಿನ ಗೋಡೆಗಳ ಮಾರ್ದನಿ ಅದರಲ್ಲಿ ಇಲ್ಲವಲ್ಲ. ಚಿಕ್ಕ ಕೋಣೆಯ ರಿವರ್ಬ್ ಆರಿಸಿ, ಅರ್ಧ ಸೆಕೆಂಡಿನ ಒಳಗೆ ಸಾಯುವಂಥದ್ದು, ಬಹಳ ಕಮ್ಮಿ ಬೆರೆಸಿ. ರಿವರ್ಬ್ ಅಂತ ಗೊತ್ತಾದರೆ ಜಾಸ್ತಿಯಾಯಿತು ಅಂತ ಲೆಕ್ಕ. ದೂರದ ಟೇಬಲ್ಲಿನ ಸದ್ದಾದರೆ ತೀಕ್ಷ್ಣ ಭಾಗವನ್ನೂ ಸ್ವಲ್ಪ ಇಳಿಸಿ. ದೂರ ಅಂದರೆ ಬರೀ ಸಣ್ಣ ಸದ್ದಲ್ಲ, ಮಂಕು ಸದ್ದು.

ಹುಡುಗನ ಮುಖ, ಆಮೇಲೆ ರಸ್ತೆ

ಆ ಪ್ರಶ್ನಾರ್ಥಕ ಚಿಹ್ನೆಗೆ ಬರೋಣ. ಹದಿನಾಲ್ಕು ಸೆಕೆಂಡ್ ಹುಡುಗ ತಟ್ಟೆ ನೋಡುತ್ತಾ ಕೂತಿದ್ದಾನೆ. ಮೊದಲು ನಾನು ಅಗಿಯುವ ಸದ್ದು, ಚಟ್ನಿ, ಪಕ್ಕದ ಟೇಬಲ್ ಎಲ್ಲ ಹಾಕಿ ತುಂಬಿಸಿದ್ದೆ. ಸತ್ತುಹೋಯಿತು ಶಾಟ್. ಆಮೇಲೆ ಎಲ್ಲ ತೆಗೆದು, ಗಿಜಿಗಿಜಿಯನ್ನು ನಾಲ್ಕು ಸೆಕೆಂಡಿನಲ್ಲಿ ನಿಧಾನಕ್ಕೆ 8 ಡಿಬಿ ಇಳಿಸಿ, ಅದರ ತೀಕ್ಷ್ಣ ಭಾಗವನ್ನು ಲೋ ಪಾಸ್ ಫಿಲ್ಟರ್‌ನಿಂದ ಕತ್ತರಿಸಿದೆ. ಉಳಿದದ್ದು ತಲೆ ಮೇಲಿನ ಹಳೆ ಫ್ಯಾನಿನ ಟಿಕ್ ಟಿಕ್ ಒಂದೇ. ಗುಂಪಿನಲ್ಲಿ ಕೂತು ಏನೋ ಯೋಚಿಸುವಾಗ ನಮಗೂ ಹಾಗೇ ಆಗುತ್ತದೆ. ಇಳಿಸೋದು ಅಂದರೆ ಸೊನ್ನೆಗೆ ಇಳಿಸೋದಲ್ಲ, ನೆನಪಿರಲಿ. ಪೂರ್ತಿ ಸೊನ್ನೆ ಆದರೆ ನೋಡುವವರು ಹೆಡ್‌ಫೋನ್ ವೈರ್ ಮುಟ್ಟಿ ನೋಡಿಕೊಳ್ಳುತ್ತಾರೆ.

ಹೊರಗಿನ ಶಾಟ್ 38ನೇ ಸೆಕೆಂಡಿಗೆ. ರಸ್ತೆಯ ಶಬ್ದವನ್ನು ಮುಕ್ಕಾಲು ಸೆಕೆಂಡ್ ಮುಂಚೆಯೇ, ಇನ್ನೂ ಹುಡುಗನ ಮುಖ ಇರುವಾಗಲೇ ತೂರಿಸಿದೆ. ಯೋಚನೆಯಿಂದ ಅವನನ್ನು ಎಬ್ಬಿಸಿದ್ದೇ ಆ ಆಟೋ ಹಾರ್ನ್ ಅನ್ನಿಸಿತು. ಒಳಗಿನ ಗಿಜಿಗಿಜಿ ಹೊರಗಿನ ಶಾಟ್ ಬಂದಮೇಲೂ ಎರಡು ಸೆಕೆಂಡ್ ಹಿಂದೆ ಉಳಿದು ಕರಗುತ್ತದೆ. ಬೆನ್ನ ಹಿಂದೆ ಹೋಟೆಲ್ ಇನ್ನೂ ಇದೆಯಲ್ಲ. ಬಾಗಿಲ ಹತ್ತಿರ ತೆಗೆದ ರೆಕಾರ್ಡಿಂಗ್ ಇಲ್ಲೇ ಕೆಲಸಕ್ಕೆ ಬಂದದ್ದು, ಒಳಗು ಹೊರಗಿನ ನಡುವಿನ ಸೇತುವೆಯಾಗಿ.

ಬೈಕ್ ಕ್ಯಾಮೆರಾದ ಎಡದಿಂದ ಬಲಕ್ಕೆ ದಾಟುತ್ತದೆ, ಅದಕ್ಕೆ ಶಬ್ದವನ್ನೂ ಎಡದಿಂದ ಬಲಕ್ಕೆ ಸರಿಸಿದೆ. ಪೂರ್ತಿ ತುದಿಯಿಂದ ತುದಿಗೆ ಬೇಡ, ಅರ್ಧ ಸಾಕು. ಒಂದು ಮಾತು: ನಿಂತ ಬೈಕಿನ ಶಬ್ದ ರೆಕಾರ್ಡ್ ಮಾಡಿ ಏರಿಸಿ ಇಳಿಸಿದರೆ ಓಡುವ ಬೈಕ್ ಆಗಲ್ಲ. ಹತ್ತಿರ ಬರುವಾಗ ದನಿ ತೆಳ್ಳಗೆ, ದಾಟಿದ ಮೇಲೆ ದಪ್ಪಗೆ ಆಗಬೇಕು. ರಸ್ತೆ ಬದಿ ನಿಂತು ನಿಜವಾಗಿ ದಾಟುವ ಬೈಕನ್ನೇ ರೆಕಾರ್ಡ್ ಮಾಡಿ, ಐದು ನಿಮಿಷದಲ್ಲಿ ಐವತ್ತು ಸಿಗುತ್ತವೆ.

ರೈಲು ಚಿತ್ರದಲ್ಲಿ ಎಲ್ಲೂ ಇಲ್ಲ. ಆದರೆ ದಾವಣಗೆರೆಯಲ್ಲಿ ರೈಲು ಊರ ನಡುವೆಯೇ ಹೋಗುತ್ತದೆ, ಅಶೋಕ ರಸ್ತೆ ರೈಲ್ವೆ ಗೇಟಿನಲ್ಲಿ ಒಂದು ಕಾಲಕ್ಕೆ ಕಾಯದವರು ಯಾರಿದ್ದಾರೆ. ಕೊನೆಯ ಆರು ಸೆಕೆಂಡಿಗೆ ದೂರದ ರೈಲಿನ ಕೂಗು, ಬಹಳ ಸಣ್ಣಗೆ, ಮಂಕಾಗಿ. ಊರು ಬಿಡುವ ಹುಡುಗನಿಗೆ ಅಷ್ಟೇ ಸಾಕು. ಚಿತ್ರದುರ್ಗದ ಕೋಟೆ ಮೇಲಿನ ಸೀನ್ ಆಗಿದ್ದರೆ ಗಾಳಿ ಹಾಕುತ್ತಿದ್ದೆ, ರೈಲು ಹಾಕುತ್ತಿರಲಿಲ್ಲ.

ಫೋನಿನಲ್ಲಿ ಕೇಳಿ, ಆಮೇಲೆ ಸೇರಿಸಿ

ಹೆಡ್‌ಫೋನ್‌ನಲ್ಲಿ ಚಂದ ಕೇಳಿದ್ದು ಫೋನ್ ಸ್ಪೀಕರ್‌ನಲ್ಲಿ ಮಾಯವಾಗಬಹುದು. ಫೋನಿನ ಪುಟ್ಟ ಸ್ಪೀಕರ್‌ಗೆ ದಪ್ಪ ದನಿ ಹೊರಡಿಸಲು ಆಗಲ್ಲ. ನನ್ನ ಕಟ್ಟಿಗೆ ಒಲೆಯ ಗುಯ್ ಅನ್ನೋ ಸದ್ದು ಪೂರ್ತಿ ಹೋಗಿಬಿಟ್ಟಿತ್ತು, ಚಟಪಟವನ್ನು ಸ್ವಲ್ಪ ಏರಿಸಿದ ಮೇಲೆ ಬೆಂಕಿ ಅಂತ ಗೊತ್ತಾಯಿತು. ಮಿಕ್ಸ್ ಮುಗಿದ ಮೇಲೆ ವೇವ್ ಫೈಲ್ ಮಾಡಿ, ಎಡಿಟ್ ಮುಗಿದ ಚಿತ್ರಕ್ಕೆ ಸೇರಿಸಿ:

```
ffmpeg -i dose_edit.mp4 -i mix.wav -map 0:v -map 1:a -c:v copy -c:a aac -b:a 256k dose_final.mp4
```

ಮೊದಲು ತೋರಿಸಿದ್ದು ಅದೇ ಹೋಟೆಲ್ ಮಾಲೀಕರಿಗೆ, ಅವರ ಫೋನಿನಲ್ಲೇ. ಎರಡು ಸಲ ನೋಡಿದರು. ದೋಸೆ, ರಸ್ತೆ, ರೈಲು ಯಾವುದಕ್ಕೂ ಏನೂ ಹೇಳಲಿಲ್ಲ. ಆಮೇಲೆ ಮಾವ ಎರಡನೇ ಸಲ ಲೋಟ ಕೆಳಗಿಡುವ ಜಾಗಕ್ಕೆ ತಂದು ನಿಲ್ಲಿಸಿ, "ಇವ್ರು ನೀರು ಕುಡ್ದು ಇಟ್ರಲ್ಲಪ್ಪಾ, ಇನ್ನೂ ತುಂಬಿದ ಲೋಟದ ಸದ್ದೇ ಬರ್ತೈತಲ್ಲ" ಅಂದರು. ಟಕ್ ತೆಗೆದು ಟಣ್ ಹಾಕಿ ಮತ್ತೆ ರೆಂಡರ್ ಮಾಡಿದೆ.